ಕನ್ನಡ ಸಬ್‌ಟೈಟಲ್: ವೇಗ ಎಷ್ಟಿರಬೇಕು, ಸಾಲು ಎಲ್ಲಿ ಮುರಿಯಬೇಕು?

ಕರಾವಳಿಯ ಮೀನುಗಾರರ ಬಗ್ಗೆ ತುಳುವಿನಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ್ದೀರಿ, ಅದು ಧಾರವಾಡದಲ್ಲೂ ಮೈಸೂರಿನಲ್ಲೂ ಪ್ರದರ್ಶನವಾಗಬೇಕು ಎಂದಿಟ್ಟುಕೊಳ್ಳಿ. ತುಳು ಬಾರದ ಪ್ರೇಕ್ಷಕರಿಗೆ ಪರದೆಯ ಕೆಳಗೆ ಬರುವ ಕನ್ನಡ ಸಾಲುಗಳೇ ಗತಿ. ಅನುವಾದ ಎಷ್ಟೇ ಚೆನ್ನಾಗಿರಲಿ, ಓದಿ ಮುಗಿಸುವುದರೊಳಗೆ ಸಾಲು ಮಾಯವಾದರೆ ಅವರಿಗೆ ಅದು ಸಿಕ್ಕಲೇ ಇಲ್ಲ. ಸಾಲು ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಉದ್ದವಿರಬೇಕು, ಎಲ್ಲಿ ಮುರಿಯಬೇಕು ಎಂಬ ಮೂರನ್ನೂ ಕನ್ನಡದ ಲೆಕ್ಕದಲ್ಲೇ ತೀರ್ಮಾನಿಸಬೇಕು. ಇಂಗ್ಲಿಷ್‌ಗೆಂದು ಮಾಡಿದ ಅಂಕಿಗಳನ್ನು ಹಾಗೇ ಎತ್ತಿಕೊಂಡರೆ ಕೆಲಸ ಕೆಡುತ್ತದೆ.

ಮೊದಲು ಎಣಿಕೆ ಪರೀಕ್ಷಿಸಿ

ಓದುವ ವೇಗವನ್ನು ಸಬ್‌ಟೈಟಲ್ ಮಾಡುವವರು ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಅಳೆಯುತ್ತಾರೆ. ಒಂದು ಸಲಕ್ಕೆ ಪರದೆಗೆ ಬರುವ ಸಬ್‌ಟೈಟಲ್ ತುಣುಕಿನಲ್ಲಿರುವ ಅಕ್ಷರಗಳನ್ನು, ನಡುವಿನ ಖಾಲಿ ಜಾಗವೂ ಸೇರಿ ಎಣಿಸಿ, ಅದು ಪರದೆಯ ಮೇಲೆ ನಿಲ್ಲುವ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. ತೊಡಕಿರುವುದು ‘ಅಕ್ಷರ’ ಎಂದರೇನು ಎಂಬಲ್ಲಿ. ಯುನಿಕೋಡ್‌ನಲ್ಲಿ ವ್ಯಂಜನ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆ ಇನ್ನೊಂದು, ಒತ್ತಕ್ಷರ ತರುವ ಹಲಂತ ಮತ್ತೊಂದು. ‘ಸ್ವಾತಂತ್ರ್ಯ’ ನಮ್ಮ ಕಣ್ಣಿಗೆ ಮೂರೇ ಅಕ್ಷರ, ಸಂಕೇತಗಳ ಲೆಕ್ಕದಲ್ಲಿ 11. ‘ಬಯಲಿನ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಸಂಕೇತಗಳಲ್ಲಿ ಬರೀ 5.

ಎಲ್ಲ ತಂತ್ರಾಂಶಗಳೂ ಒಂದೇ ರೀತಿ ಎಣಿಸುವುದಿಲ್ಲ. ಹಾಗಾಗಿ ಕೆಲಸಕ್ಕೆ ಕೂರುವ ಮೊದಲೇ ಒಂದು ಖಾಲಿ ತುಣುಕಿನಲ್ಲಿ ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ, ಸಾಲಿನ ಉದ್ದ ಎಷ್ಟೆಂದು ತೋರಿಸುತ್ತದೆ ನೋಡಿ. 11 ಎಂದರೆ ಅದು ಪ್ರತಿ ಸಂಕೇತವನ್ನೂ ಎಣಿಸುತ್ತಿದೆ. 6 ಎಂದರೆ ಸ್ವರಚಿಹ್ನೆ, ಹಲಂತಗಳನ್ನು ವ್ಯಂಜನದ ಜೊತೆ ಸೇರಿಸಿ ಎಣಿಸುತ್ತಿದೆ. 3 ಎಂದರೆ ನಾವು ಎಣಿಸುವ ಹಾಗೆಯೇ ಎಣಿಸುತ್ತಿದೆ. ಈ ಒಂದು ಪರೀಕ್ಷೆ ಮಾಡದೆ ಯಾರದೋ ಅಂಕಿಯನ್ನು ತಂದು ತುಂಬಿದರೆ ಮಿತಿ ಒಂದೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗಿಬಿಡಬಹುದು.

ಮುಂದಿನ ಅಂಕಿಗಳೆಲ್ಲ ಸಂಕೇತಗಳ ಲೆಕ್ಕದವು. ನಿಮ್ಮ ತಂತ್ರಾಂಶ 6 ತೋರಿಸಿದರೆ ಇವುಗಳನ್ನು ಸುಮಾರು ಮೂರನೇ ಎರಡರಷ್ಟಕ್ಕೆ ಇಳಿಸಿಕೊಳ್ಳಿ.

ಮಿತಿ ಹಾಕುವುದು

ಟಿವಿಯವರಲ್ಲಿ ಬಹುಕಾಲ ‘ಆರು ಸೆಕೆಂಡ್ ನಿಯಮ’ ಎಂಬುದೊಂದಿತ್ತು: ಎರಡು ತುಂಬು ಸಾಲುಗಳಿಗೆ ಆರು ಸೆಕೆಂಡ್. ಆಗಿನ ಸಾಲಿನ ಉದ್ದ ಹಿಡಿದು ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 12 ಅಕ್ಷರ. ಈಗ ಇಂಗ್ಲಿಷ್‌ನಲ್ಲಿ 17ರಿಂದ 20ರವರೆಗೂ ಹೋಗುತ್ತಾರೆ. ಕನ್ನಡಕ್ಕೆ ನನ್ನ ಸಲಹೆ ಹೀಗಿದೆ: ದೊಡ್ಡವರ ಚಿತ್ರಕ್ಕೆ ಸೆಕೆಂಡಿಗೆ 16 ಗುರಿ, 19 ಗಡಿ. ಮಕ್ಕಳ ಚಿತ್ರವಾದರೆ 12–13ಕ್ಕೆ ನಿಲ್ಲಿಸಿ. ಒಟಿಟಿ ಕಂಪನಿಗೆ ಕೊಡುವ ಫೈಲ್ ಆದರೆ ಅವರ ಮಾರ್ಗಸೂಚಿಯಲ್ಲಿರುವ ಅಂಕಿಯೇ ಅಂತಿಮ.

ಉಚಿತವಾಗಿ ಸಿಗುವ Subtitle Edit ತಂತ್ರಾಂಶ ಬಳಸುವವರು ಅದರ ಸೆಟ್ಟಿಂಗ್ಸ್‌ಗೆ ಹೋಗಿ `Optimal chars/sec` ಎಂಬಲ್ಲಿ 16, `Max. chars/sec` ಎಂಬಲ್ಲಿ 19, `Single line max. length` ಎಂಬಲ್ಲಿ 40 ಹಾಕಿ. ಒಂದು ತುಣುಕು ಕನಿಷ್ಠ ಒಂದು ಸೆಕೆಂಡ್, ಗರಿಷ್ಠ ಏಳು ಸೆಕೆಂಡ್ ಇರಲಿ. ಅದಕ್ಕಿಂತ ಹೆಚ್ಚು ನಿಂತರೆ ಕಣ್ಣು ಅದನ್ನೇ ಎರಡನೇ ಸಲ ಓದಲು ಶುರು ಮಾಡುತ್ತದೆ. ಎರಡು ತುಣುಕುಗಳ ನಡುವೆ ಎರಡು ಫ್ರೇಮ್ ಅಂತರ ಬಿಡಿ. ಅಷ್ಟೂ ಬಿಡದಿದ್ದರೆ ಸಾಲು ಬದಲಾದದ್ದೇ ಗೊತ್ತಾಗುವುದಿಲ್ಲ.

ನಿಮಿಷಕ್ಕೆ ಇಷ್ಟು ಪದ ಎಂಬ ಇನ್ನೊಂದು ಅಳತೆಯೂ ಅಲ್ಲೇ ಕಾಣುತ್ತದೆ. ಕನ್ನಡಕ್ಕೆ ಅದನ್ನು ನಂಬಬೇಡಿ. ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಪದದಲ್ಲಿ ಇಂಗ್ಲಿಷ್‌ನ ಒಂದು ಪುಟ್ಟ ವಾಕ್ಯವೇ ಅಡಗಿರುತ್ತದೆ.

ಒಂದು ವಾಕ್ಯವನ್ನು ಪೂರ್ತಿ ಮಾಡಿ ನೋಡೋಣ

ಸಾಕ್ಷ್ಯಚಿತ್ರದ ಹಿರಿಯ ಮೀನುಗಾರರು ಸರಸರನೆ ಮಾತಾಡುವವರು. ಅವರ ಒಂದು ಮಾತು 4.4 ಸೆಕೆಂಡಿನಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಅದು ಹೀಗಾಯಿತು: ‘ಮಳೆಗಾಲ ಶುರುವಾಗುವ ಮೊದಲು ನಮ್ಮ ಅಪ್ಪ ದೋಣಿಯನ್ನು ದಡಕ್ಕೆ ಎಳೆದು ತೆಂಗಿನ ಗರಿ ಹೊದಿಸಿ ಇಡುತ್ತಿದ್ದರು’. ಖಾಲಿ ಜಾಗ ಸೇರಿ ಒಟ್ಟು 86 ಸಂಕೇತ. (‘ಸ್ವಾತಂತ್ರ್ಯ’ವನ್ನು 6 ಎಂದು ಎಣಿಸುವ ತಂತ್ರಾಂಶ ಇದನ್ನು 56 ಎನ್ನುತ್ತದೆ.) 86ನ್ನು 4.4ರಿಂದ ಭಾಗಿಸಿದರೆ ಸುಮಾರು 19.5. ಗಡಿ ದಾಟಿತು.

ಮೊದಲು ಕೈ ಹಾಕಬೇಕಾದದ್ದು ಸಮಯಕ್ಕೆ, ಪದಗಳಿಗಲ್ಲ. ಅವರು ಮಾತು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಾರೆ. ಆ ಮೌನಕ್ಕೆ ಸಾಲನ್ನು 0.6 ಸೆಕೆಂಡ್ ಚಾಚಿದರೆ ಒಟ್ಟು ಐದು ಸೆಕೆಂಡ್, ವೇಗ 17.2. ಚಾಚುವಾಗ ಶಾಟ್ ಬದಲಾಗುವ ಜಾಗವನ್ನು ಮಾತ್ರ ದಾಟಬೇಡಿ. ಚಿತ್ರ ಬದಲಾದಾಗ ಅದೇ ಸಾಲು ಇನ್ನೂ ಇದ್ದರೆ ಕೆಲವರ ಗಮನ ಕದಡಬಹುದು.

ವೇಗ ಗಡಿಯೊಳಗೆ ಬಂತು, ಆದರೆ 40ರ ಎರಡು ಸಾಲುಗಳಲ್ಲಿ 86 ಹಿಡಿಸುವುದಿಲ್ಲ. ಈಗ ಪದಗಳತ್ತ ಬರೋಣ. ‘ಶುರುವಾಗುವ ಮೊದಲು’ ಎಂಬುದು ‘ಮಳೆಗಾಲಕ್ಕೆ ಮೊದಲು’ ಆಗಬಹುದು. ‘ಅಪ್ಪ’ ಎಂದರೆ ಸಾಕು, ‘ನಮ್ಮ’ ಬೇಡ. ‘ದೋಣಿಯನ್ನು’ ಎಂಬಲ್ಲಿನ ವಿಭಕ್ತಿಯನ್ನು ಆಡುಮಾತು ಹೇಗೂ ಬಿಟ್ಟೇಬಿಡುತ್ತದೆ, ‘ದೋಣಿ’ ಎಂದೇ ಬರೆಯಿರಿ. ‘ಹೊದಿಸಿ ಇಡುತ್ತಿದ್ದರು’ ಎಂಬುದು ‘ಹೊದಿಸುತ್ತಿದ್ದರು’ ಆದರೂ ಅರ್ಥ ಸೋರುವುದಿಲ್ಲ. ಗರಿಯನ್ನೂ ದಡವನ್ನೂ ನಾನು ಬಿಡುವುದಿಲ್ಲ, ಆ ಮಾತಿನ ಜೀವ ಅಲ್ಲಿದೆ.

```
12
00:01:14,200 --> 00:01:19,200
ಮಳೆಗಾಲಕ್ಕೆ ಮೊದಲು ಅಪ್ಪ ದೋಣಿ ದಡಕ್ಕೆ ಎಳೆದು
ತೆಂಗಿನ ಗರಿ ಹೊದಿಸುತ್ತಿದ್ದರು
```

ಮೇಲಿನ ಸಾಲು 39, ಕೆಳಗಿನದು 26, ಒಟ್ಟು 65. ಐದು ಸೆಕೆಂಡಿಗೆ ವೇಗ 13. ಓದಿ ಮುಗಿಸಿ ಮುದುಕರ ಮುಖ ನೋಡಲೂ ಪ್ರೇಕ್ಷಕರಿಗೆ ಸಮಯ ಉಳಿಯಿತು. ಕನ್ನಡ ಮಾತಿಗೇ ಕನ್ನಡ ಸಬ್‌ಟೈಟಲ್ ಹಾಕುವಾಗ ಮಾತ್ರ ಇಷ್ಟು ಧಾರಾಳವಾಗಿ ಕತ್ತರಿಸಬೇಡಿ. ಕಿವಿಗೆ ಕೇಳಿದ್ದು ಕಣ್ಣಿಗೆ ಕಾಣದಿದ್ದರೆ ಓದುವವರು ಅಲ್ಲೇ ಎಡವುತ್ತಾರೆ.

ಸಾಲು ಎಲ್ಲಿ ಮುರಿಯಬೇಕು

ಇಲ್ಲಿ ತಂತ್ರಾಂಶದ ಸಹಾಯ ಸಿಗುವುದು ಕಡಿಮೆ. ತಾನಾಗಿ ಸಾಲು ಮುರಿಯುವ ಗುಂಡಿ ಎರಡೂ ಸಾಲನ್ನು ಸಮ ಉದ್ದ ಮಾಡಲು ನೋಡುತ್ತದೆಯೇ ಹೊರತು ಕನ್ನಡದ ವಾಕ್ಯ ಅದಕ್ಕೆ ತಿಳಿಯದು. ಮೇಲಿನ ಉದಾಹರಣೆಯಲ್ಲಿ ‘ದಡಕ್ಕೆ’ ಎಂಬಲ್ಲಿ ಮುರಿದಿದ್ದರೆ ಸಾಲುಗಳು ಇನ್ನಷ್ಟು ಸಮವಾಗುತ್ತಿದ್ದವು. ಆದರೆ ‘ಎಳೆದು’ ಎಂಬಲ್ಲಿಗೆ ಒಂದು ಕೆಲಸ ಮುಗಿಯುತ್ತದೆ. ಮುರಿಯಬೇಕಾದದ್ದು ಅಲ್ಲಿಯೇ. ‘ಹೋಗಿ’, ‘ಬಂದು’, ‘ಮಾಡಿದರೆ’, ‘ಅಂತ’ ಇವುಗಳ ನಂತರ ಮುರಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ‘ಆದರೆ’, ‘ಮತ್ತು’, ‘ಯಾಕಂದ್ರೆ’ ಇವು ಮುಂದಿನ ಮಾತಿಗೆ ಸೇರಿದವು, ಕೆಳಗಿನ ಸಾಲಿನ ಮೊದಲಿಗೆ ಹಾಕಿ. ‘ಮನೆಯ ಮೇಲೆ’, ‘ಅವನ ಜೊತೆ’, ‘ಬೇಗ ಬೇಗ’, ‘ಬಲೆ ಗಿಲೆ’ ಇಂಥ ಜೋಡಿಗಳನ್ನು ಬಿಡಿಸಬೇಡಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ತಂದ’, ‘ಹಿಡಿದ’, ‘ಬಂದ’ ಎಂಬ ರೂಪಗಳು. ಇವು ವಾಕ್ಯ ಮುಗಿಸುವ ಕ್ರಿಯಾಪದವೂ ಹೌದು, ಮುಂದಿನ ನಾಮಪದವನ್ನು ವಿವರಿಸುವ ಪದವೂ ಹೌದು. ಇದನ್ನು ನೋಡಿ:

```
ಕಳೆದ ವರ್ಷ ಮಲ್ಪೆಯಿಂದ ಅಣ್ಣ ತಂದ
ಬಲೆ ಮೊದಲ ದಿನವೇ ಹರಿಯಿತು
```

ಮೇಲಿನ ಸಾಲು ಓದಿದವರು ಅಣ್ಣ ಏನೋ ತಂದ, ಮಾತು ಮುಗಿಯಿತು ಎಂದುಕೊಳ್ಳುತ್ತಾರೆ. ಕೆಳಗೆ ‘ಬಲೆ’ ಕಂಡಾಗ ಕಣ್ಣು ಮತ್ತೆ ಮೇಲೆ ಹೋಗುತ್ತದೆ. ವೇಗದ ಅಂಕಿ ಸರಿಯಿದ್ದರೂ ಓದು ಹಿಂದೆ ಬೀಳುವುದು ಹೀಗೆ. ‘ಬಲೆ’ಯನ್ನು ಮೇಲಿನ ಸಾಲಿಗೆ ಎತ್ತಿಕೊಂಡರೆ ಸಾಕು:

```
ಕಳೆದ ವರ್ಷ ಮಲ್ಪೆಯಿಂದ ಅಣ್ಣ ತಂದ ಬಲೆ
ಮೊದಲ ದಿನವೇ ಹರಿಯಿತು
```

ಒಂದು ವಾಕ್ಯ ಎರಡು ತುಣುಕುಗಳಿಗೆ ಹರಡಿದಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮೊದಲ ಭಾಗ ಪರದೆಯಿಂದಲೇ ಹೋಗಿಬಿಟ್ಟಿರುತ್ತದೆ. ‘ಅವನು ತಪ್ಪು ಮಾಡಿದ ಅಂತ’ ಎಂಬುದು ಒಂದು ತುಣುಕು, ‘ನಾನು ಹೇಳಲೇ ಇಲ್ಲ’ ಎಂಬುದು ಮುಂದಿನದು ಎಂದಾದರೆ, ನಡುವಿನ ಎರಡು ಸೆಕೆಂಡ್ ಪ್ರೇಕ್ಷಕರ ಮನಸ್ಸಿನಲ್ಲಿ ಅವನು ತಪ್ಪಿತಸ್ಥ. ನಮ್ಮಲ್ಲಿ ‘ಇಲ್ಲ’ ಕೊನೆಗೇ ಬರುತ್ತದೆ. ಆಗುವುದಾದರೆ ಎರಡನ್ನೂ ಒಂದೇ ತುಣುಕಿನಲ್ಲಿಡಿ. ಆಗದಿದ್ದರೆ ಮಾತಾಡುವಾಗ ನಾವೇ ಮಾಡುವಂತೆ ತಿರುಗಿಸಿ: ‘ನಾನು ಹೇಳಲೇ ಇಲ್ಲ,’ ಆಮೇಲೆ ‘ಅವನು ತಪ್ಪು ಮಾಡಿದ ಅಂತ’.

ಪದವನ್ನೇ ನಡುವೆ ಕತ್ತರಿಸಿ ಅಡ್ಡಗೆರೆ ಹಾಕುವುದು ಸಬ್‌ಟೈಟಲ್‌ನಲ್ಲಿ ಬೇಡವೇ ಬೇಡ. ಉದ್ದ ಪದ ಹಿಡಿಸದಿದ್ದರೆ ವಾಕ್ಯವನ್ನೇ ಬದಲಿಸಿ.

ಪರದೆಯ ಮೇಲೆ ನೋಡಿ

40 ಎಂಬುದು ಎಣಿಕೆಯ ಮಿತಿ, ಅಗಲದ ಮಿತಿಯಲ್ಲ. ಒತ್ತಕ್ಷರ ಹೆಚ್ಚಿರುವ ಸಾಲು ಎಣಿಕೆಯಲ್ಲಿ ದೊಡ್ಡದು, ಆದರೆ ಒತ್ತುಗಳು ಕೆಳಗೆ ಕೂರುವುದರಿಂದ ಅಗಲ ಕಡಿಮೆ. ‘ಬಯಲಿನ ಮರಗಳ ನೆರಳಿನ’ ಎಂಬಂಥ ಸಾಲು ಅಷ್ಟೇ ಎಣಿಕೆಯಲ್ಲಿ ತುಂಬ ಅಗಲಕ್ಕೆ ಹೋಗುತ್ತದೆ. ಅರ್ಕಾವತ್ತು ಮತ್ತು ದೀರ್ಘದ ಚಿಹ್ನೆ ಪಕ್ಕದಲ್ಲಿ ಕೂರುವುದರಿಂದ ಅವೂ ಜಾಗ ತಿನ್ನುತ್ತವೆ. ಆದ್ದರಿಂದ ಫೈಲ್‌ನಲ್ಲಿ ಅತಿ ಅಗಲವಾಗಿ ಕಾಣುವ ಸಾಲನ್ನು ಹುಡುಕಿ, ಚಿತ್ರ ಯಾವುದರಲ್ಲಿ ಓಡುತ್ತದೋ ಅದೇ ಪ್ಲೇಯರ್‌ನಲ್ಲಿ, ಟಿವಿ ಮತ್ತು ಮೊಬೈಲ್ ಎರಡರಲ್ಲೂ ನೋಡಿ. ಒಂಟಿ ಪದವೊಂದು ಮೂರನೇ ಸಾಲಿಗೆ ಬಿದ್ದಿದ್ದರೆ ಪ್ಲೇಯರ್ ತಾನೇ ಸಾಲು ಮುರಿದಿದೆ ಎಂದರ್ಥ. ಮಿತಿಯನ್ನು 36ಕ್ಕೆ ಇಳಿಸಿ, ಇಲ್ಲವೇ ಅಕ್ಷರದ ಗಾತ್ರ ತಗ್ಗಿಸಿ.

ಎತ್ತರವನ್ನೂ ಗಮನಿಸಬೇಕು. ಮೇಲಿನ ಸಾಲಿನಲ್ಲಿ ‘ಶಾಸ್ತ್ರ’, ‘ರಾಷ್ಟ್ರ’, ಕೆಳಗಿನ ಸಾಲಿನಲ್ಲಿ ಗುಡಿಸು ಇರುವ ಅಕ್ಷರಗಳನ್ನಿಟ್ಟು ಒಂದು ಪರೀಕ್ಷಾ ತುಣುಕು ಮಾಡಿ. ಒತ್ತುಗಳು ಕೆಳಗಿನ ಸಾಲಿಗೆ ತಾಗಿದರೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಹಿಂದೆ ಕಪ್ಪು ಪಟ್ಟಿ ಹಾಕಿದ್ದರೆ ಒತ್ತಿನ ತುದಿ ಪಟ್ಟಿಯ ಹೊರಗೆ ಉಳಿಯುತ್ತಿದೆಯೇ ನೋಡಿ. ‘ಕನ್ನಡ’ ಎಂಬುದು ‘ಕನ್‌ನಡ’ ಎಂದು ಬಿಡಿಬಿಡಿಯಾಗಿ ಕಂಡರೆ ತಪ್ಪು ನಿಮ್ಮ ಸಾಲಿನದಲ್ಲ, ಪ್ಲೇಯರ್ ಅಥವಾ ಫಾಂಟ್‌ನದು. ಚೌಕಗಳೋ ಗೊಂದಲದ ಚಿಹ್ನೆಗಳೋ ಕಂಡರೆ ಫೈಲನ್ನು UTF-8 ಎಂದು ಉಳಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ಕೊನೆಗೆ ತುಳು ಬಾರದ, ಚಿತ್ರವನ್ನು ಹಿಂದೆ ನೋಡಿರದ ಒಬ್ಬರನ್ನು ಕೂರಿಸಿ ಹತ್ತು ನಿಮಿಷ ತೋರಿಸಿ. ಅನುವಾದ ಮಾಡಿದವರಿಗೆ ಸಾಲುಗಳು ಬಾಯಿಪಾಠವಾಗಿರುವುದರಿಂದ ಅವರ ಕಣ್ಣನ್ನು ಈ ಪರೀಕ್ಷೆಗೆ ನಂಬುವಂತಿಲ್ಲ. ಓದಿ ಮುಗಿಯದ ಕಡೆ ಕೈ ಎತ್ತಲು ನೋಡುವವರಿಗೆ ಹೇಳಿ, ಆ ಸಮಯ ಬರೆದಿಟ್ಟುಕೊಳ್ಳಿ. ಆ ಜಾಗದಲ್ಲಿ ವೇಗ 19 ದಾಟಿದ್ದರೆ ಸಮಯ ಚಾಚಿ ಅಥವಾ ಪದ ಕತ್ತರಿಸಿ. ವೇಗ 15ರ ಆಸುಪಾಸಿನಲ್ಲಿದ್ದೂ ಕೈ ಎತ್ತಿದ್ದರೆ ಅಂಕಿಗಳನ್ನು ಬಿಟ್ಟು ಸಾಲು ಮುರಿದ ಜಾಗವನ್ನು ನೋಡಿ. ಅಲ್ಲಿ ಒಂದು ‘ತಂದ’ವೋ ‘ಬಂದ’ವೋ ಸಾಲಿನ ಕೊನೆಯಲ್ಲಿ ಕೂತಿರುವ ಸಾಧ್ಯತೆಯೇ ಹೆಚ್ಚು.