ಎರಡು ಆನೆ, ಒಂದೇ ಮನೆ: ಚೆಸ್ ಶೀಟ್ ಓದುವಾಗ ನಾನು ಕಂಡಿದ್ದು

ಟೂರ್ನಮೆಂಟಿನಲ್ಲಿ ಒಂದು ರೌಂಡ್ ಮುಗಿದ ಮೇಲೆ ಮಕ್ಕಳ ಸ್ಕೋರ್‌ಶೀಟ್ ನೋಡಿಕೊಂಡು ಆಟವನ್ನು ಮತ್ತೆ ಬೋರ್ಡಿನ ಮೇಲೆ ಆಡಿಸುವುದು ನನ್ನ ಕೆಲಸ. e4, Nf3, O-O ಇವನ್ನೆಲ್ಲ ಮಕ್ಕಳು ಬೇಗ ಕಲಿಯುತ್ತಾರೆ. ಆಟ ಸಿಕ್ಕಿಹಾಕಿಕೊಳ್ಳುವ ಜಾಗ ಬೇರೆ. ಎರಡು ಆನೆಯೋ ಎರಡು ಕುದುರೆಯೋ ಒಂದೇ ಮನೆಗೆ ಹೋಗಬಹುದಾಗಿರುತ್ತದೆ, ಹೋಗಿದ್ದು ಯಾವುದು ಅಂತ ಶೀಟಿನಲ್ಲಿ ಇರುವುದಿಲ್ಲ.

ಒಬ್ಬ ಹುಡುಗನ ಶೀಟಿನಲ್ಲಿ ಬಿಳಿಯ 15ನೇ ನಡೆ Rd1, ಅಂದರೆ ಆನೆ d1ಗೆ, ಅಂತಿತ್ತು. ಆಗ ಬಿಳಿ ಆನೆಗಳು a1 ಮತ್ತು f1ನಲ್ಲಿದ್ದವು, ರಾಜ g1ನಲ್ಲಿ, ಆನೆಗಳ ನಡುವೆ ಎಲ್ಲ ಖಾಲಿ. ಎರಡೂ d1ಗೆ ಬರಬಹುದು. ಹೊರಟ ಫೈಲಿನ, ಅಂದರೆ ಉದ್ದ ಸಾಲಿನ, ಅಕ್ಷರ ಸೇರಿಸಿ Rad1 ಅಥವಾ Rfd1 ಎಂದು ಬರೆಯಬೇಕಿತ್ತು. ಅವನಿಗೆ ನೆನಪಿಲ್ಲ. ನಾನು ಮುಂದಕ್ಕೆ ಓದಿದೆ. 18ನೇ ನಡೆ Rfe1. ಅಂದರೆ f1ನಲ್ಲಿ ಇನ್ನೂ ಒಂದು ಆನೆ ಇದೆ, 15ರಲ್ಲಿ ಹೋಗಿದ್ದು a1ರ ಆನೆ. ಅಲ್ಲಿ ಬರೀ Re1 ಅಂತಿದ್ದರೆ? ಆನೆಗಳು a1 ಮತ್ತು d1ನಲ್ಲಿದ್ದವು ಅಂತ ಊಹಿಸುತ್ತಿದ್ದೆ. ಆಗ a1ರ ಆನೆಗೆ d1 ಅಡ್ಡ, ಹಾಗಾಗಿ ಅಕ್ಷರ ಬೇಕಾಗುವುದಿಲ್ಲ. ಆದರೆ ಒಮ್ಮೆ ಅಕ್ಷರ ಬಿಟ್ಟ ಹುಡುಗ ಇನ್ನೊಮ್ಮೆಯೂ ಬಿಟ್ಟಿರಬಹುದು ಅಲ್ವಾ? ಆ ಊಹೆಯನ್ನು ಪೂರ್ತಿ ನಂಬುವಂತಿಲ್ಲ.

ಇಂಥ ಶೀಟನ್ನು ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಹಾಕುವಾಗ ಜಾಸ್ತಿ ಎಚ್ಚರ ಬೇಕು. ತಪ್ಪು ಆನೆ ಸರಿಸಿದರೂ ಅದು ನಿಯಮಬದ್ಧ ನಡೆಯೇ, ಯಾರೂ ತಡೆಯುವುದಿಲ್ಲ. ಎಷ್ಟೋ ನಡೆ ಆದಮೇಲೆ ಆಡಲಾಗದ ಒಂದು ನಡೆ ಬಂದು ನಿಲ್ಲುತ್ತದೆ. ಆಗ ನಾನು ನಿಂತ ಜಾಗ ಬಿಟ್ಟು ಹಿಂದೆ ಹೋಗಿ, ಅಕ್ಷರವಿಲ್ಲದ ಆನೆ, ಕುದುರೆ ನಡೆಗಳನ್ನು ಮೊದಲು ಹುಡುಕುತ್ತೇನೆ.

ನಾನು ಆಡುವಾಗ ಕಾಯಿ ಇಟ್ಟು, ಗಡಿಯಾರ ಒತ್ತಿ, ಬರೆಯುವ ಮುಂಚೆ ಅದು ಹೋಗಿ ಕೂತ ಮನೆಯಿಂದ ಹಿಂದಕ್ಕೆ ನೋಡುತ್ತೇನೆ. ಕುದುರೆಯಾದರೆ ಆ ಮನೆಯಿಂದ ಒಂದು ಜಿಗಿತದಲ್ಲಿ ನನ್ನ ಇನ್ನೊಂದು ಕುದುರೆ ಸಿಗುತ್ತದಾ? ಸಿಕ್ಕರೆ ಫೈಲ್ ಅಕ್ಷರ ಬರೆಯುತ್ತೇನೆ. ಎರಡೂ ಒಂದೇ ಫೈಲಿನಲ್ಲಿದ್ದರೆ ಅಕ್ಷರದಿಂದ ಉಪಯೋಗವಿಲ್ಲ, ಸಂಖ್ಯೆ ಬೇಕು. a1 ಮತ್ತು a5ರ ಆನೆಗಳಲ್ಲಿ ಕೆಳಗಿನದು a3ಗೆ ಹೋದರೆ R1a3.

ಒಂದು ಕಡೆ ಮಾತ್ರ ಪುಸ್ತಕಗಳೂ ಒಂದೇ ಥರ ಬರೆಯುವುದಿಲ್ಲ. ನಿಮ್ಜೊ-ಇಂಡಿಯನ್ ಓಪನಿಂಗ್ ನೋಡಿ:

```
1.d4 Nf6 2.c4 e6 3.Nc3 Bb4 4.e3 O-O 5.Ne2
```

c3ರ ಕುದುರೆಯೂ e2ಗೆ ಜಿಗಿಯಬಹುದು ಅನಿಸುತ್ತದೆ. ಆದರೆ b4ರ ಒಂಟೆ ಅದನ್ನು ರಾಜನ ಮುಂದೆ ಕಟ್ಟಿಹಾಕಿದೆ, ಅದು ಅಲುಗಿದರೆ ರಾಜನಿಗೆ ಚೆಕ್. ಹೋಗಬಲ್ಲದ್ದು g1ರ ಕುದುರೆ ಒಂದೇ, Ne2 ಸಾಕು. ಕಪ್ಪು 3...Bb4 ಬದಲು 3...d5 ಆಡಿ, ಆಮೇಲೆ ಒಂಟೆಯನ್ನು e7ರಲ್ಲಿ ಇಟ್ಟಿದ್ದರೆ Nge2 ಎಂದೇ ಬರೆಯಬೇಕು. ನಾನಂತೂ ಎರಡೂ ಕಡೆ Nge2 ಅಂತಲೇ ಬರೆಯುತ್ತೇನೆ. ಒಂದಕ್ಷರ ಹೆಚ್ಚಾದರೆ ಆಟ ಓದಲು ಅಡ್ಡಿಯೇನಿಲ್ಲ, ಆಡುತ್ತಾ ಕೂತಾಗ ಪಿನ್ ಇದೆಯಾ ಅಂತ ಬರವಣಿಗೆಗಾಗಿ ಯೋಚಿಸುವ ಕೆಲಸವೂ ತಪ್ಪುತ್ತದೆ.