ಟಾರ್ಗೆಟ್ ಮುಟ್ಟಿದ್ದನ್ನು ರೆಸ್ಯೂಮೆಯಲ್ಲಿ ಬರೆಯುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಶಾಖೆಗಳಿಂದ ಬರುವ ಬ್ಯಾಂಕ್ ಮತ್ತು ವಿಮೆ ಉದ್ಯೋಗಿಗಳ ರೆಸ್ಯೂಮೆಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಎಲ್ಲ ಟಾರ್ಗೆಟ್‌ಗಳನ್ನು ಯಶಸ್ವಿಯಾಗಿ ಪೂರೈಸಿದ್ದೇನೆ.’ ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅಂಕಿ ಹಾಕಬೇಕೆಂದು ಗೊತ್ತಿರುವವರು ಇನ್ನೊಂದು ತಪ್ಪು ಮಾಡುತ್ತಾರೆ. ಅತಿ ದೊಡ್ಡದಾಗಿ ಕಾಣುವ ಅಂಕಿಯನ್ನೇ ಬರೆದು, ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಬ್ಯಾಂಕ್ ಶಾಖೆಯಲ್ಲಿ ಕೂತು ಜೀವವಿಮೆ ಮಾರುವ ಅಧಿಕಾರಿಯೊಬ್ಬರ ಉದಾಹರಣೆ ಇಟ್ಟುಕೊಂಡು ಇದನ್ನು ಸರಿಯಾಗಿ ಬರೆಯುವ ಕ್ರಮ ನೋಡೋಣ.

ಹಂತ 1: ಕಾಗದ ಜೋಡಿಸಿಕೊಳ್ಳಿ

ಕಳೆದ ಮೂರು ವರ್ಷಗಳ ಅಪ್ರೈಸಲ್ ಪತ್ರ ಮತ್ತು ಇನ್ಸೆಂಟಿವ್ ಸ್ಲಿಪ್ ತೆಗೆದಿಡಿ. ಏಜೆಂಟರಾದರೆ ಕಮಿಷನ್ ಸ್ಟೇಟ್‌ಮೆಂಟ್ ಮತ್ತು ಟಿಡಿಎಸ್ ಪ್ರಮಾಣಪತ್ರ ಸಾಕು. ಇವುಗಳಲ್ಲಿ ಇಲ್ಲದ ಅಂಕಿಯನ್ನು ನೆನಪಿನಿಂದ ಬರೆಯಬೇಡಿ.

ಹಂತ 2: ಟಾರ್ಗೆಟ್ ಸಾಲು

ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಉದಾಹರಣೆಯ ಅಧಿಕಾರಿ 2024-25ರಲ್ಲಿ 47 ಪಾಲಿಸಿ ಮಾಡಿಸಿ, 31 ಲಕ್ಷ ರೂಪಾಯಿ ಪ್ರೀಮಿಯಂ ತಂದಿದ್ದಾರೆ ಎಂದುಕೊಳ್ಳಿ. ಟಾರ್ಗೆಟ್ ಇದ್ದದ್ದು 24 ಲಕ್ಷ. ‘ಶೇ 129 ಸಾಧನೆ’ ಎಂದು ಬರೆದುಬಿಡುವ ಆಸೆ ಸಹಜ. ಆದರೆ ಆ 24 ಲಕ್ಷ ವೆಯ್ಟೆಡ್ ಪ್ರೀಮಿಯಂ ಲೆಕ್ಕದ್ದು. ಪ್ರತಿವರ್ಷ ಕಟ್ಟುವ ಪಾಲಿಸಿಯ ಮೊದಲ ಕಂತು ಈ ಲೆಕ್ಕಕ್ಕೆ ಪೂರ್ತಿ ಸೇರುತ್ತದೆ. ಒಮ್ಮೆಲೇ ಕಟ್ಟಿ ಮುಗಿಸುವ ಸಿಂಗಲ್ ಪ್ರೀಮಿಯಂನಲ್ಲಿ ಸೇರುವುದು ವಾಡಿಕೆಯಂತೆ ಶೇ 10 ಮಾತ್ರ.

ಈಗ ಲೆಕ್ಕ ಬಿಡಿಸಿ. 44 ವಾರ್ಷಿಕ ಪಾಲಿಸಿಗಳಿಂದ ಬಂದದ್ದು 22 ಲಕ್ಷ. ಮೂರು ಸಿಂಗಲ್ ಪ್ರೀಮಿಯಂ ಪಾಲಿಸಿಗಳಿಂದ ಬಂದದ್ದು 9 ಲಕ್ಷ, ಅದು ಲೆಕ್ಕಕ್ಕೆ 90 ಸಾವಿರ. ಒಟ್ಟು 22.9 ಲಕ್ಷ, ಅಂದರೆ ಟಾರ್ಗೆಟ್‌ನ ಶೇ 95. ರೆಸ್ಯೂಮೆಗೆ ಹೋಗಬೇಕಾದ್ದು ಇದೇ ಅಂಕಿ. ಸಂದರ್ಶಕರು ‘ಇದರಲ್ಲಿ ಸಿಂಗಲ್ ಎಷ್ಟು?’ ಎಂದು ಕೇಳಿಯೇ ಕೇಳುತ್ತಾರೆ. ಆಗ ಶೇ 129 ಇದ್ದದ್ದು 95ಕ್ಕೆ ಇಳಿದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ. ನಿಮ್ಮ ಕಂಪನಿಯಲ್ಲಿ ಲೆಕ್ಕದ ರೀತಿ ಬೇರೆ ಇದ್ದರೆ ಅಪ್ರೈಸಲ್ ಪತ್ರದಲ್ಲಿರುವಂತೆಯೇ ಬರೆಯಿರಿ.

ಇನ್ನೆರಡು ಕಡೆ ಅಂಕಿ ಉಬ್ಬುತ್ತದೆ. ಲಾಗಿನ್ ಆದದ್ದೆಲ್ಲ, ಅಂದರೆ ಅರ್ಜಿ ದಾಖಲಾದದ್ದೆಲ್ಲ, ಪಾಲಿಸಿಯಲ್ಲ. ಮೆಡಿಕಲ್‌ನಲ್ಲಿ ನಿಂತದ್ದು, ಪರಿಶೀಲನಾ ಕರೆಯಲ್ಲಿ ಗ್ರಾಹಕರು ಬೇಡ ಎಂದದ್ದು ಎಲ್ಲ ಲಾಗಿನ್ ಪಟ್ಟಿಯಲ್ಲೇ ಇರುತ್ತವೆ. ಇಶ್ಯೂ ಆದವನ್ನು ಮಾತ್ರ ಎಣಿಸಿ. ಅದರಲ್ಲೂ ಪಾಲಿಸಿ ಕೈಸೇರಿದ 30 ದಿನಗಳ ಫ್ರೀ ಲುಕ್ ಅವಧಿಯಲ್ಲಿ ವಾಪಸಾದವನ್ನು ಕಳೆಯಿರಿ.

ಹಂತ 3: ಪರ್ಸಿಸ್ಟೆನ್ಸಿ

ಮಾಡಿಸಿದ ಪಾಲಿಸಿಗಳಲ್ಲಿ ಕಂತು ಮುಂದುವರಿದದ್ದೆಷ್ಟು ಎಂಬ ಲೆಕ್ಕವೇ ಪರ್ಸಿಸ್ಟೆನ್ಸಿ. ವಿಮೆ ಕ್ಷೇತ್ರದಲ್ಲಿ ನಿಮ್ಮ ಮಾರಾಟದ ಗುಣ ತೋರಿಸುವ ಅಂಕಿ ಇದು. ಬರೆಯದೆ ಬಿಟ್ಟರೆ ಏನೋ ಮುಚ್ಚಿಡುತ್ತಿದ್ದೀರಿ ಎಂದೇ ಓದುಗರು ಭಾವಿಸುತ್ತಾರೆ. ಹಿಂದಿನ ವರ್ಷ ಮಾಡಿಸಿದ ವಾರ್ಷಿಕ ಪಾಲಿಸಿಗಳ ಪ್ರೀಮಿಯಂ 20 ಲಕ್ಷವಾಗಿದ್ದು, ಈ ವರ್ಷ ಅದರಲ್ಲಿ 17 ಲಕ್ಷದ ಎರಡನೇ ಕಂತು ಬಂದಿದ್ದರೆ 13ನೇ ತಿಂಗಳ ಪರ್ಸಿಸ್ಟೆನ್ಸಿ ಶೇ 85. ವಾರ್ಷಿಕ ಕಂತಿಗೆ 30 ದಿನ ಗ್ರೇಸ್ ಇರುವುದರಿಂದ ಅದು ಮುಗಿದ ಮೇಲೆಯೇ ಲೆಕ್ಕ ಹಾಕಿ. ಸಿಂಗಲ್ ಪ್ರೀಮಿಯಂ ಪಾಲಿಸಿಗೆ ಎರಡನೇ ಕಂತೇ ಇಲ್ಲ. ಅದನ್ನು ಇಲ್ಲಿ ಸೇರಿಸಿದರೆ ದರ ಸುಳ್ಳಾಗಿ ಏರುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಈ ದರ ಬೀಳಲು ಒಂದು ದೊಡ್ಡ ಕಾರಣ ಮಾರ್ಚ್ ಕೊನೆಯ ನೂಕುನುಗ್ಗಲು. ಮಾರ್ಚ್‌ನಲ್ಲಿ ಶುರುವಾದ ವಾರ್ಷಿಕ ಪಾಲಿಸಿಯ ಕಂತು ಪ್ರತಿವರ್ಷ ಮಾರ್ಚ್‌ಗೇ ಬರುತ್ತದೆ. ಮುಂಗಾರು ಮೆಕ್ಕೆಜೋಳ ಮಾರಿದ ಹಣ ಅಷ್ಟು ಹೊತ್ತಿಗೆ ಖರ್ಚಾಗಿ, ರೈತರ ಕೈ ಖಾಲಿಯಾಗಿರುತ್ತದೆ. ಜಗಳೂರು ಕಡೆಯ ಮೆಕ್ಕೆಜೋಳದ ಬೆಳೆಗಾರರಿಗೆ, ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟದವರಿಗೆ ಫಸಲಿನ ಹಣ ಬರುವ ತಿಂಗಳಲ್ಲೇ ಪಾಲಿಸಿ ಶುರು ಮಾಡಿಸಿದ್ದರೆ, ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಶೇ 85 ಹೇಗೆ ಬಂತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಎರಡೂ ಹಂತ ಸೇರಿ ಸಾಲು ಹೀಗಾಗುತ್ತದೆ: ‘2024-25: ವೆಯ್ಟೆಡ್ ಪ್ರೀಮಿಯಂ ಟಾರ್ಗೆಟ್ 24 ಲಕ್ಷ, ಸಾಧನೆ 22.9 ಲಕ್ಷ, ಶೇ 95. ಇಶ್ಯೂ ಆದ ಪಾಲಿಸಿ 47, ಅದರಲ್ಲಿ ವಾರ್ಷಿಕ 44. 13ನೇ ತಿಂಗಳ ಪರ್ಸಿಸ್ಟೆನ್ಸಿ ಶೇ 85.’ ರೆಸ್ಯೂಮೆ ಇಂಗ್ಲಿಷ್‌ನಲ್ಲೇ ಇರುತ್ತದಾದ್ದರಿಂದ ಇದನ್ನು ಇಂಗ್ಲಿಷ್‌ಗೆ ತಂದುಕೊಳ್ಳಿ. ಟಾರ್ಗೆಟ್ ತಪ್ಪಿದ ವರ್ಷವನ್ನೂ ಹೀಗೆಯೇ ಬರೆಯಿರಿ, ಕಾರಣ ಮಾತ್ರ ಸೇರಿಸಬೇಡಿ. ಕೇಳಿದರೆ ಬಾಯಲ್ಲಿ ಹೇಳಿದರಾಯಿತು.

ಡೆಪಾಸಿಟ್, ಸಾಲ ನೋಡಿಕೊಳ್ಳುವ ಅಧಿಕಾರಿಗಳಿಗೂ ಇದೇ ಎಚ್ಚರ ಬೇಕು. ಮಾರ್ಚ್ 31ಕ್ಕೆ ಬಂದು ಏಪ್ರಿಲ್ ಮೊದಲ ವಾರ ಹೊರಟುಹೋಗುವ ಡೆಪಾಸಿಟ್ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಾಗಿ ಉಳಿತಾಯ ಮತ್ತು ಚಾಲ್ತಿ ಖಾತೆಗಳ ಸರಾಸರಿ ಬಾಕಿ ಬರೆಯಿರಿ. ಸಾಲದಲ್ಲಿ ಮಂಜೂರಾದ ಮೊತ್ತ ಬೇಡ, ವಿತರಣೆಯಾದದ್ದು ಬೇಕು. ಅದರ ಪಕ್ಕದಲ್ಲಿ 90 ದಿನ ದಾಟಿ ಎನ್‌ಪಿಎ ಆದದ್ದೆಷ್ಟು ಎಂಬುದೂ ಇರಲಿ. ಶಾಖೆಯ ಒಟ್ಟು ಅಂಕಿಯನ್ನು ನಿಮ್ಮದೆಂದು ಬರೆಯಬೇಡಿ.

ಹಂತ 4: ಗ್ರಾಹಕರು

‘ಸಾವಿರಾರು ಗ್ರಾಹಕರು’ ಬೇಡ. ನಿಮ್ಮ ಹೆಸರಿಗೆ ಮ್ಯಾಪ್ ಆದವರೆಷ್ಟು, ಅವರು ಯಾರು ಎಂದು ಹೇಳಿ: ಅಕ್ಕಿ ಗಿರಣಿಯವರೋ, ಎಪಿಎಂಸಿ ವರ್ತಕರೋ, ಶಿಕ್ಷಕರೋ, ಚಳ್ಳಕೆರೆಯ ಎಣ್ಣೆ ಗಿರಣಿಯವರೋ. ಹೊಸ ಕಂಪನಿಗೆ ಬೇಕಿರುವುದು ಈ ವಿವರ. ಆದರೆ ಯಾರ ಹೆಸರೂ, ಖಾತೆ ಸಂಖ್ಯೆಯೂ ಬರಕೂಡದು. ಸಾಧನೆ ತೋರಿಸಲೆಂದು ಎಂಐಎಸ್ ಶೀಟಿನ ಫೋಟೊ ಲಗತ್ತಿಸುವವರಿದ್ದಾರೆ. ಗ್ರಾಹಕರ ಮಾಹಿತಿ ಹೊರಗೆ ಕೊಡುವವರನ್ನು ಯಾವ ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ.

ಹಂತ 5: ನಿಯಮಪಾಲನೆ

‘ಎಲ್ಲ ನಿಯಮ ಪಾಲಿಸಿದ್ದೇನೆ’ ಎಂಬುದು ಖಾಲಿ ಮಾತು. ಪರಿಶೀಲಿಸಬಹುದಾದದ್ದನ್ನು ಬರೆಯಿರಿ. ತಪ್ಪು ಮಾಹಿತಿ ಕೊಟ್ಟು ಮಾರಿದ ದೂರು ಎಷ್ಟು ಬಂದವು, ಆಡಿಟ್‌ನಲ್ಲಿ ನಿಮ್ಮ ಫೈಲುಗಳ ಮೇಲೆ ಎಷ್ಟು ಟಿಪ್ಪಣಿ ಬಂತು, ಅವೆಷ್ಟು ದಿನದಲ್ಲಿ ಮುಗಿದವು, ಬಾಕಿ ಇದ್ದ ಎಷ್ಟು ಕೆವೈಸಿ ನವೀಕರಿಸಿದಿರಿ ಎಂಬುದು ಸಾಕು. ದೂರು ಸೊನ್ನೆಯಾಗಿದ್ದರೆ ಯಾವ ಅವಧಿಯಲ್ಲಿ ಎಂಬುದನ್ನು ಸೇರಿಸಿ. ಜೆಎಐಐಬಿ, ಐಸಿ-38, ಮ್ಯೂಚುವಲ್ ಫಂಡ್‌ನ ಎನ್‌ಐಎಸ್‌ಎಂ ಪರೀಕ್ಷೆಗಳನ್ನು ತೇರ್ಗಡೆಯಾದ ವರ್ಷದೊಂದಿಗೆ ಪ್ರತ್ಯೇಕ ಸಾಲಿನಲ್ಲಿ ಕೊಡಿ. ಬರೆದು ಪಾಸಾಗದ ಪರೀಕ್ಷೆಯನ್ನು ‘ಮುಂದುವರಿದಿದೆ’ ಎಂದು ಹಾಕಬೇಡಿ.

ಹಂತ 6: ಪುಟ

ಹತ್ತು ವರ್ಷದೊಳಗಿನ ಅನುಭವಕ್ಕೆ ಎರಡು ಪುಟ ಮೀರಬಾರದು. ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಕೊನೆಯ ಪ್ರಮಾಣವಚನ ಎಲ್ಲ ತೆಗೆಯಿರಿ. ಡಿಟಿಪಿ ಅಂಗಡಿಯಲ್ಲಿ ಸಿಗುವ ಹಳೇ ಮಾದರಿಯಲ್ಲಿ ಇವೇ ಅರ್ಧ ಪುಟ ತಿನ್ನುತ್ತವೆ. ಬಣ್ಣದ ಎರಡು ಕಾಲಮ್ಮಿನ ರೆಡಿಮೇಡ್ ವಿನ್ಯಾಸಗಳನ್ನೂ ಬಿಡಿ. ಉದ್ಯೋಗ ಪೋರ್ಟಲ್‌ಗಳು ಅವನ್ನು ಓದುವಾಗ ಎಡಗಡೆಯ ಸಾಲು ಬಲಗಡೆಯದರೊಂದಿಗೆ ಬೆರೆತು, ಟಾರ್ಗೆಟ್ ಪಕ್ಕ ಫೋನ್ ನಂಬರ್ ಕೂರಬಹುದು. ಒಂದೇ ಕಾಲಮ್ ಇಟ್ಟು, ಪಿಡಿಎಫ್ ಮಾಡಿ, ಅದರೊಳಗಿನ ಪಠ್ಯವನ್ನೆಲ್ಲ ನಕಲಿಸಿ ಒಂದು ಖಾಲಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಅಲ್ಲಿ ಅಂಕಿ, ಇಸವಿ, ಹುದ್ದೆ ಕ್ರಮವಾಗಿ ಬಂದರೆ ಕಳಿಸಬಹುದು.