ಗಡಿಪಾರು ನೋಟಿಸಿಗೆ ಎಸಿ ಕೋರ್ಟಿನಲ್ಲೇ ದಪ್ಪ ಫೈಲು ಕಟ್ಟಿದ ಅನುಭವ

ಗಡಿಪಾರು ನೋಟಿಸ್ ಬಂದಾಗ ನಮ್ಮ ಬಾರ್‌ನಲ್ಲಿ ಎಲ್ಲರೂ ಹೇಳುವ ಮಾತು ಒಂದೇ. ಎಸಿ ಮುಂದೆ ಅರ್ಧ ಪುಟದ ಆಕ್ಷೇಪಣೆ ಕೊಟ್ಟು ಸುಮ್ಮನಿರು, ಎಸ್‌ಪಿ ಕಳಿಸಿದ ವರದಿಗೆ ಅವರು ಹೇಗೂ ಸಹಿ ಹಾಕ್ತಾರೆ, ಆದೇಶ ಬಂದ ಮೇಲೆ ಹೈಕೋರ್ಟಿನಲ್ಲಿ ನೋಡ್ಕೊಳ್ಳೋಣ. ನಾನು ಇದರ ಉಲ್ಟಾ ಮಾಡುತ್ತೇನೆ. ನೋಟಿಸಿನ ಹಂತದಲ್ಲೇ ಫೈಲು ದಪ್ಪ ಮಾಡುತ್ತೇನೆ. ಹಿರಿಯರು ನಕ್ಕಿದ್ದರು, ಕಾಗದ ದಂಡ ಎಂದಿದ್ದರು. ಕಡೆಗೆ ಆ ಕಾಗದದ ಮೇಲೇ ಆದೇಶ ರದ್ದಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕರ್ನಾಟಕ ಪೊಲೀಸ್ ಕಾಯ್ದೆ 1963ರ 55ನೇ ಕಲಂ ನಿಮಗೆ ಗೊತ್ತಿರುವುದೇ. ಹಾಗಾಗಿ ನೇರ ಕೇಸಿಗೆ ಬರುತ್ತೇನೆ. ಕಕ್ಷಿದಾರ ಮಂಡಿಯಲ್ಲಿ ಲೋಡಿಂಗ್ ಕೆಲಸದವನು, ರೌಡಿ ಶೀಟ್ ಇದೆ. ಚುನಾವಣೆ ಹತ್ತಿರ ಬಂದಾಗ ಠಾಣೆಯಿಂದ ಡಿವೈಎಸ್‌ಪಿಗೆ, ಅಲ್ಲಿಂದ ಎಸ್‌ಪಿಗೆ, ಅಲ್ಲಿಂದ ಎಸಿಗೆ ಪ್ರಸ್ತಾವನೆ ಹೋಯಿತು. ವರದಿಯಲ್ಲಿ ಐದು ಪ್ರಕರಣ. 2014ರ ಹೊಡೆದಾಟ, ಅದರಲ್ಲಿ ಖುಲಾಸೆ. 2016ರ ಇಸ್ಪೀಟು, ದಂಡ ಕಟ್ಟಿದ್ದು. 2018ರ ಐಪಿಸಿ 323 ಮತ್ತು 504, ಲೋಕ ಅದಾಲತ್‌ನಲ್ಲಿ ರಾಜಿ. ಒಂದು ಸಿಆರ್‌ಪಿಸಿ 107ರ ಮುಚ್ಚಳಿಕೆ ಪ್ರಕರಣ. ಕೊನೆಯದು 2022ರ ಐಪಿಸಿ 324, ಇನ್ನೂ ಸಾಕ್ಷಿ ಹಂತದಲ್ಲಿತ್ತು. ಅದಾದ ಮೇಲೆ ಸುಮಾರು ಎರಡು ವರ್ಷ ಯಾವ ಎಫ್‌ಐಆರ್ ಕೂಡ ಇಲ್ಲ.

58ನೇ ಕಲಮಿನ ನೋಟಿಸಿನಲ್ಲಿ "ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುತ್ತಿದ್ದೀರಿ, ಸಾಕ್ಷಿ ಹೇಳಲು ಯಾರೂ ಮುಂದೆ ಬರುತ್ತಿಲ್ಲ" ಎಂಬ ಸಿದ್ಧ ವಾಕ್ಯ ಇತ್ತು. ವಿವರ ಕೊಡಿ ಎಂದು ಇಲ್ಲಿ ಹಠ ಹಿಡಿದರೆ ಪ್ರಯೋಜನ ಇಲ್ಲ. ಆರೋಪಗಳ ಸಾಮಾನ್ಯ ಸ್ವರೂಪ ತಿಳಿಸಿದರೆ ಸಾಕು ಎಂದು ಕಾಯ್ದೆಯೇ ಹೇಳುತ್ತದೆ. ಬಾಂಬೆ ಪೊಲೀಸ್ ಕಾಯ್ದೆಯ ಇಂಥದೇ ಮಾತನ್ನು ಸುಪ್ರೀಂ ಕೋರ್ಟ್ ಹಿಂದೆಯೇ ಒಪ್ಪಿಕೊಂಡಿದೆ. ಗುಟ್ಟಾಗಿ ಹೇಳಿಕೆ ಕೊಟ್ಟವರ ಹೆಸರು ಸಿಗುವುದಿಲ್ಲ. ಅದರ ಹಿಂದೆ ಓಡಿ ವಾಯಿದೆ ಕಳೆದರೆ ಎಸಿ "ವಿಳಂಬಕ್ಕಾಗಿ" ಎಂದು ಬರೆದುಕೊಳ್ಳುತ್ತಾರೆ, ಆ ಒಂದು ಪದ ಮುಂದೆ ನಮಗೇ ತೊಡರುಗಾಲು.

ಬದಲಿಗೆ ಮಾಡಿದ್ದು ಇಷ್ಟು. ಐದೂ ಪ್ರಕರಣಗಳಿಗೆ ನೋಟಿಸ್ ಸಿಕ್ಕ ದಿನವೇ ಕಾಪಿ ಅರ್ಜಿ ಹಾಕಿಸಿದೆ, ಅರ್ಜೆಂಟ್ ಶುಲ್ಕ ಕಟ್ಟಿ. ತೀರ್ಪಿನ ನಕಲು ಮಾತ್ರ ಸಾಲದು, ಆರ್ಡರ್ ಶೀಟ್ ಮತ್ತು ಸಾಕ್ಷಿ ಹೇಳಿಕೆಗಳೂ ಬೇಕು. ಹೆಚ್ಚಿನವರು ಖುಲಾಸೆ ತೀರ್ಪು ಒಂದನ್ನೇ ಇಡುತ್ತಾರೆ. ಆದರೆ ಸಾಕ್ಷಿಗಳು ತಿರುಗಿಬಿದ್ದು ಆದ ಖುಲಾಸೆ ಎರಡಲಗಿನ ಕತ್ತಿ. "ನೋಡಿ, ಹೆದರಿಯೇ ತಿರುಗಿಬಿದ್ದರು" ಎಂದು ಅದನ್ನೇ ಪೊಲೀಸರು ತೋರಿಸುತ್ತಾರೆ. ನಮ್ಮ 2014ರ ಖುಲಾಸೆ ಅಂಥದ್ದೇ. ಅದನ್ನು ಮುಚ್ಚಿಡಲಿಲ್ಲ, ಆದರೆ ಮುಂದಿಟ್ಟದ್ದು 2022ರ ಪ್ರಕರಣದ ಆರ್ಡರ್ ಶೀಟನ್ನು.

ಆ ಆರ್ಡರ್ ಶೀಟಿನಲ್ಲಿ ಚಿನ್ನ ಇತ್ತು. ಗಾಯಗೊಂಡ ದೂರುದಾರ ಮತ್ತು ಒಬ್ಬ ಪ್ರತ್ಯಕ್ಷ ಸಾಕ್ಷಿ ಸಮನ್ಸ್ ಹೋದ ವಾಯಿದೆಗೇ ಬಂದಿದ್ದರು, ತೆರೆದ ಕೋರ್ಟಿನಲ್ಲಿ ನನ್ನ ಕಕ್ಷಿದಾರನನ್ನು ಗುರುತಿಸಿ, ಅವನ ವಿರುದ್ಧವೇ ಹೇಳಿಕೆ ಕೊಟ್ಟಿದ್ದರು. ಟ್ರಯಲ್‌ನಲ್ಲಿ ಇದು ನಮಗೆ ಹೊಡೆತ. ಗಡಿಪಾರಿನಲ್ಲಿ ಇದಕ್ಕಿಂತ ಒಳ್ಳೆ ದಾಖಲೆ ಬೇರೆ ಇಲ್ಲ. 55(ಬಿ) ನಿಲ್ಲಬೇಕಾದರೆ ತಮ್ಮ ಜೀವ ಅಥವಾ ಆಸ್ತಿಯ ಭಯದಿಂದ ಸಾಕ್ಷಿಗಳು ಬಹಿರಂಗವಾಗಿ ಬರಲು ಒಪ್ಪುತ್ತಿಲ್ಲ ಎಂಬ ಅಭಿಪ್ರಾಯಕ್ಕೆ ಅಧಿಕಾರಿ ಬರಬೇಕು. ಎದುರಿಗೇ ಇಬ್ಬರು ಬಂದು ಹೇಳಿ ಹೋದ ದಾಖಲೆ ಇರುವಾಗ ಆ ಅಭಿಪ್ರಾಯ ಎಲ್ಲಿಂದ ಬಂತು? ತನ್ನ ಮೇಲೇ ಸಾಕ್ಷಿ ಹೇಳಿದ ಕಾಗದವನ್ನು ತಾನೇ ಕೊಡುವುದಾ ಎಂದು ಕಕ್ಷಿದಾರ ಗಾಬರಿಯಾಗಿದ್ದ. ಪಕ್ಕದ ಟೇಬಲ್ಲಿನ ವಕೀಲರೂ ಹಾಗೇ ಅಂದರು.

ಎರಡನೆಯದು ಅಧ್ಯಾಯಗಳ ಲೆಕ್ಕ. 55(ಬಿ) ಬಲಪ್ರಯೋಗ ಅಥವಾ ಹಿಂಸೆಯ ಅಪರಾಧ ಇಲ್ಲವೇ ಐಪಿಸಿಯ 12, 16, 17ನೇ ಅಧ್ಯಾಯದ ಅಪರಾಧ ಎನ್ನುತ್ತದೆ. ಪ್ರತಿ ಪ್ರಕರಣವನ್ನೂ ಒಂದು ಸಾಲಿನಲ್ಲಿ ಇದಕ್ಕೆ ಹಚ್ಚಿ ನೋಡಬೇಕು. 323, 324 ಹದಿನಾರರಲ್ಲಿವೆ, ಒಪ್ಪಿಕೊಳ್ಳಲೇಬೇಕು. 504, 506 ಇಪ್ಪತ್ತೆರಡರಲ್ಲಿವೆ, ಅಧ್ಯಾಯದ ಲೆಕ್ಕಕ್ಕೆ ಬರುವುದಿಲ್ಲ. ಇಸ್ಪೀಟು ಪೊಲೀಸ್ ಕಾಯ್ದೆಯದು, ಹೊರಗೆ. 107 ಅಪರಾಧವೇ ಅಲ್ಲ, ಮುನ್ನೆಚ್ಚರಿಕೆ. 147, 148 ಎಂಟನೇ ಅಧ್ಯಾಯದವು, ಆದರೆ ಅಲ್ಲಿ ಹುಷಾರಾಗಿರಿ, ದೊಂಬಿ ಎಂದರೆ ಹಿಂಸೆಯ ಮಾತಿನಡಿ ಒಳಗೆ ಬಂದುಬಿಡುತ್ತದೆ. ನಮ್ಮ ಐದರಲ್ಲಿ ಮೂರು ಉಳಿದವು. ಒಂದು ಹತ್ತು ವರ್ಷ ಹಳೆಯದು, ಒಂದು ರಾಜಿಯಾದದ್ದು, ಉಳಿದ ಒಂದರಲ್ಲಿ ಸಾಕ್ಷಿಗಳೇ ಬಂದಿದ್ದಾರೆ. ಇಷ್ಟನ್ನು ಒಂದೇ ಪುಟದ ಪಟ್ಟಿ ಮಾಡಿ ಆಕ್ಷೇಪಣೆಯ ಮೊದಲ ಅನುಬಂಧ ಮಾಡಿದೆ. ಎಸಿ ಓದದಿದ್ದರೂ ಪರವಾಗಿಲ್ಲ, ಮುಂದೆ ಓದುವವರು ಇದ್ದಾರೆ.

ಮೂರನೆಯದು ಸಾಕ್ಷಿ ಅರ್ಜಿ. ನಾವು ಹಾಜರುಪಡಿಸುವ ಸಾಕ್ಷಿಗಳನ್ನು ವಿಚಾರಿಸಿ ಎಂದು ಅರ್ಜಿ ಕೊಟ್ಟರೆ 58ನೇ ಕಲಮಿನಂತೆ ವಿಚಾರಿಸಲೇಬೇಕು. ಕಿರುಕುಳಕ್ಕೋ ವಿಳಂಬಕ್ಕೋ ಹಾಕಿದ ಅರ್ಜಿ ಎನಿಸಿದರೆ ಕಾರಣ ಬರೆದು ತಿರಸ್ಕರಿಸಬೇಕು. ಇಪ್ಪತ್ತು ಹೆಸರು ಕೊಟ್ಟರೆ ಆ ಕಾರಣ ನಾವೇ ಕೊಟ್ಟಂತೆ. ನಾನು ಕೊಟ್ಟದ್ದು ಮೂರು ಹೆಸರು, ಮಂಡಿಯ ಮೇಸ್ತ್ರಿ, ಎದುರು ಮನೆಯವರು, ಇನ್ನೊಬ್ಬರು. ಮೂರನೆಯವರು ಯಾರು, ಯಾಕೆ ಅವರನ್ನೇ ಆರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಪಕ್ಷದವರೂ ಓದುತ್ತಾರೆ. ಮೂವರನ್ನೂ ವಾಯಿದೆಯ ದಿನ ಎಸಿ ಕಚೇರಿಯ ಬೆಂಚಿನ ಮೇಲೆ ಕೂರಿಸಿ, "ಸಾಕ್ಷಿಗಳು ಹಾಜರಿದ್ದಾರೆ" ಎಂದು ಮೆಮೊ ಕೊಟ್ಟು, ಎರಡನೇ ಪ್ರತಿಯ ಮೇಲೆ ಟಪಾಲು ಸೀಲು ಹಾಕಿಸಿಕೊಂಡೆ. ಆ ಸೀಲು ತಾರೀಖಿನ ಸಮೇತ ಸ್ಪಷ್ಟವಾಗಿ ಬಿದ್ದಿದೆಯಾ ಎಂದು ಅಲ್ಲೇ ನಿಂತು ನೋಡಿ. ಮಸುಕಾಗಿದ್ದರೆ ಇನ್ನೊಮ್ಮೆ ಒತ್ತಿಸಿ.

ಅರ್ಜಿಯ ಮೇಲೆ ಆದೇಶವೇ ಆಗಲಿಲ್ಲ. ನೇರವಾಗಿ ಗಡಿಪಾರಿನ ಆದೇಶ ಬಂತು. ಒಂದು ವರ್ಷ, ಇನ್ನೊಂದು ಜಿಲ್ಲೆಗೆ, ಅಲ್ಲಿನ ಠಾಣೆಯಲ್ಲಿ ವಾರಕ್ಕೊಮ್ಮೆ ಸಹಿ. ವರದಿಯ ಪ್ಯಾರಾಗಳೇ ಆದೇಶದಲ್ಲೂ, ಕಾಗುಣಿತದ ತಪ್ಪಿನ ಸಮೇತ.

ಇನ್ನು ದುಡ್ಡಿನ ಮಾತು. ಈ ಕೇಸುಗಳಲ್ಲಿ ವಕೀಲರ ಫೀಸಿಗಿಂತ ಬದುಕಿನ ಖರ್ಚೇ ಹೆಚ್ಚು. ನೆನಪಿನ ಮೇಲೆ ಹೇಳುವುದಾದರೆ, ನಕಲುಗಳು, ಟೈಪಿಂಗು, ಓಡಾಟ ಸೇರಿ ಎಸಿ ಹಂತದಲ್ಲಿ ನಾಲ್ಕೈದು ಸಾವಿರ. ಹೈಕೋರ್ಟಿನಲ್ಲಿ ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು. ಹೊರ ಜಿಲ್ಲೆಯಲ್ಲಿ ರೂಮು, ಊಟ, ಕೂಲಿ ನಷ್ಟ ತಿಂಗಳಿಗೆ ಹದಿನೈದು ಸಾವಿರ ದಾಟಿತ್ತು. ರೌಡಿ ಶೀಟರ್ ಎಂದು ಗೊತ್ತಾದರೆ ರೂಮೂ ಸಿಗುವುದಿಲ್ಲ. ಅದಕ್ಕೇ ಮೊದಲ ತಿಂಗಳು ಮುಖ್ಯ, ಸ್ಟೇ ತಡವಾದಷ್ಟೂ ಗೆದ್ದರೂ ಸೋತ ಲೆಕ್ಕ.

ಹಳೆಯ ದಾರಿ ಕೈಕೊಡುವುದೂ ಇಲ್ಲೇ. ನೇರ ರಿಟ್ ಹಾಕಿದರೆ "59ರಡಿ ಸರ್ಕಾರಕ್ಕೆ ಮೇಲ್ಮನವಿ ಇದೆಯಲ್ಲ" ಎಂದು ವಾಪಸ್ ಕಳಿಸುವ ಅಪಾಯ ಇದೆ, ಅಷ್ಟರಲ್ಲಿ ಮೇಲ್ಮನವಿಯ 30 ದಿನ ಮುಗಿದಿರುತ್ತದೆ. ಮೇಲ್ಮನವಿಯೊಂದನ್ನೇ ನೆಚ್ಚಿಕೊಂಡರೆ ಫೈಲು ವಿಧಾನಸೌಧದಲ್ಲಿ ಮಲಗುತ್ತದೆ, ಆರು ತಿಂಗಳ ಆದೇಶವಾದರೆ ಅವಧಿಯೇ ಮುಗಿದು ಕೇಸೇ ನಿರರ್ಥಕ. ನಾನು ಮಾಡಿದ್ದು ಎರಡೂ, ಆದರೆ ಒಂದರ ಹಿಂದೆ ಒಂದು. ಮೊದಲ ವಾರದಲ್ಲೇ ಸ್ಟೇ ಅರ್ಜಿ ಸಮೇತ ಮೇಲ್ಮನವಿ, ಸ್ವೀಕೃತಿ ಕೈಯಲ್ಲಿ. ಸ್ವಲ್ಪ ದಿನ ಕಾದು, ಸ್ಟೇ ಅರ್ಜಿಯನ್ನು ಯಾರೂ ತೆಗೆದೇ ನೋಡಿಲ್ಲ ಎಂದು ಹೇಳಿ ರಿಟ್. ಎಷ್ಟು ದಿನ ಕಾಯಬೇಕು ಎಂಬುದು ಅನುಭವದ ಮೇಲೆ ಬರುವಂಥದ್ದು, ಅದನ್ನು ನೀವೇ ಕಂಡುಕೊಳ್ಳಿ.

ರಿಟ್‌ನಲ್ಲಿ ಹತ್ತಾರು ಕಾರಣ ತುಂಬಬೇಡಿ. 60ನೇ ಕಲಂ ಬಾಗಿಲು ಮುಚ್ಚಿ ಮೂರೇ ಕಿಂಡಿ ಬಿಟ್ಟಿದೆ. 58ರ ಕ್ರಮ ಪಾಲಿಸಿಲ್ಲ, ಆದೇಶಕ್ಕೆ ಆಧಾರವಾಗುವ ಸಾಮಗ್ರಿಯೇ ಇರಲಿಲ್ಲ, ಸಾಕ್ಷಿಗಳು ಮುಂದೆ ಬರುತ್ತಿಲ್ಲ ಎಂಬ ಅಭಿಪ್ರಾಯಕ್ಕೆ ಅಧಿಕಾರಿ ಬಂದೇ ಇರಲಿಲ್ಲ. 226ನೇ ವಿಧಿಯ ಅಧಿಕಾರಕ್ಕೆ ಇದು ಅಡ್ಡಿಯಲ್ಲ ನಿಜ, ಆದರೂ ವಾದವನ್ನು ಈ ಮೂರಕ್ಕೇ ಜೋಡಿಸಿದರೆ ಪೀಠಕ್ಕೆ ಸಲೀಸು. ನಮ್ಮ ಫೈಲಿನಲ್ಲಿ ಮೂರಕ್ಕೂ ಒಂದೊಂದು ಕಾಗದ ಮೊದಲೇ ಕೂತಿತ್ತು. ಸೀಲು ಬಿದ್ದ ಸಾಕ್ಷಿ ಮೆಮೊ ಒಂದಕ್ಕೆ, ಅಧ್ಯಾಯದ ಪಟ್ಟಿ ಇನ್ನೊಂದಕ್ಕೆ, ಆರ್ಡರ್ ಶೀಟು ಮೂರನೆಯದಕ್ಕೆ. ಎಸಿ ಮುಂದೆ ಇಟ್ಟ ಕಾಗದವಾದ್ದರಿಂದ "ಇದು ಹೊಸದು" ಎನ್ನಲು ಸರ್ಕಾರಿ ವಕೀಲರಿಗೆ ಆಗಲಿಲ್ಲ. ಅರ್ಧ ಪುಟದ ಆಕ್ಷೇಪಣೆ ಕೊಟ್ಟವರು ಸಿಕ್ಕಿಬೀಳುವುದು ಇದರಲ್ಲೇ.

ಜೊತೆಗೆ ಇಟ್ಟ ತೀರ್ಪು ಒಂದೇ, ಜಾಲ್ನಾ ಜಿಲ್ಲೆಯ ಗಡಿಪಾರಿನ ಬಗ್ಗೆ 2022ರ ಜನವರಿ 28ರಂದು ಸುಪ್ರೀಂ ಕೋರ್ಟ್ ಕೊಟ್ಟದ್ದು. ಗಡಿಪಾರು ಅಸಾಧಾರಣ ಕ್ರಮ, 19(1)(ಡಿ) ಕೊಟ್ಟ ಓಡಾಟದ ಹಕ್ಕನ್ನು ಕಸಿಯುತ್ತದೆ, ಹಳಸಿದ ಪ್ರಕರಣಗಳ ಮೇಲೆ ಮಾಡುವಂತಿಲ್ಲ, ಗರಿಷ್ಠ ಎರಡು ವರ್ಷ ಹಾಕಿದರೆ ಅಷ್ಟು ಯಾಕೆ ಎಂದು ಬರೆಯಬೇಕು ಎಂಬುದು ಅದರ ತಿರುಳು. ನಮ್ಮದು ಒಂದೇ ವರ್ಷ, ಆದ್ದರಿಂದ ಗರಿಷ್ಠದ ಮಾತು ಎತ್ತಲಿಲ್ಲ, ಹಳಸಿದ ಪ್ರಕರಣದ ಮಾತನ್ನಷ್ಟೇ ಹಿಡಿದೆ. ಆದೇಶ ರದ್ದಾಯಿತು.

ನಡುವೆ ಬೇರೆ ಒಂದೆರಡು ಪ್ರಯೋಗ ಮಾಡಿ ನೋಡಿದ್ದೂ ಉಂಟು. ಪ್ರಸ್ತಾವನೆಯ ಟಿಪ್ಪಣಿ ಹಾಳೆಗೆ ಆರ್‌ಟಿಐ ಹಾಕಿದೆ. 30 ದಿನ ಕಾಯಿಸಿ, ತನಿಖೆಗೆ ಅಡ್ಡಿ ಎಂದು ತಿರಸ್ಕರಿಸಿದರು. ದಂಡ. ಇನ್ನೊಂದು ಪರವಾಗಿಲ್ಲ. 55ನೇ ಕಲಮಿನಲ್ಲಿ ಊರು ಬಿಡಿಸುವುದಕ್ಕೆ ಮುಂಚೆ "ಇಂತಿಂಥ ರೀತಿ ನಡೆದುಕೊಳ್ಳಬೇಕು" ಎಂದು ನಿರ್ದೇಶಿಸುವ ಅಧಿಕಾರವೂ ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ಅದಲ್ಲದೆ ಬಿಎನ್‌ಎಸ್‌ಎಸ್ 129ರಡಿ ಮುಚ್ಚಳಿಕೆಯೂ ಇದೆ. ಇವೆರಡು ಯಾಕೆ ಸಾಲದು ಎಂದು ಆಕ್ಷೇಪಣೆಯಲ್ಲಿ ಒಂದು ಪ್ಯಾರಾ ಕೇಳಿಡಿ. ಉತ್ತರ ಬರುವುದಿಲ್ಲ, ಬಾರದಿರುವುದೇ ನಮಗೆ ಬೇಕಾದ್ದು.

ಭಾಷಣಕಾರರಿಗೆ ಜಿಲ್ಲಾ ಪ್ರವೇಶ ನಿಷೇಧಿಸುವ ಬಿಎನ್‌ಎಸ್‌ಎಸ್ 163ರ ಆದೇಶಕ್ಕೆ ಈ ಪದ್ಧತಿ ಹೊಂದುವುದಿಲ್ಲ. ಸರ್ಕಾರ ವಿಸ್ತರಿಸದಿದ್ದರೆ ಅದು ಎರಡು ತಿಂಗಳಿಗಿಂತ ಹೆಚ್ಚು ನಿಲ್ಲದು, ಮೊದಲು ನೋಟಿಸೂ ಇಲ್ಲದೆ ಬರಬಹುದು. ಅಲ್ಲಿ ಆದೇಶ ಹೊರಡಿಸಿದ ಮ್ಯಾಜಿಸ್ಟ್ರೇಟರಿಗೇ ರದ್ದು ಮಾಡಲು ಅರ್ಜಿ ಕೊಡುವುದು ಬೇಗದ ದಾರಿ.

ಆದೇಶ ಚಾಲ್ತಿಯಲ್ಲಿ ಇರುವಷ್ಟು ದಿನ ಊರಿನ ಕೋರ್ಟಿನ ವಾಯಿದೆಗಳನ್ನು ಮರೆಯಬೇಡಿ. ಕಕ್ಷಿದಾರ ಬರದಿದ್ದರೆ ವಾರೆಂಟ್, ಅನುಮತಿ ಇಲ್ಲದೆ ಬಂದರೆ ಉಲ್ಲಂಘನೆಯ ಹೊಸ ಕೇಸು. ಪ್ರತಿ ವಾಯಿದೆಗೂ ತಾತ್ಕಾಲಿಕ ಪ್ರವೇಶಕ್ಕೆ ಲಿಖಿತ ಅನುಮತಿ ತೆಗೆಸಿ, ಅದರ ಒಂದು ಪ್ರತಿ ಅವನ ಜೇಬಿನಲ್ಲಿರಲಿ. ರದ್ದಾದ ಮೇಲೂ ಹೈಕೋರ್ಟಿನ ಆದೇಶದ ದೃಢೀಕೃತ ಪ್ರತಿಯನ್ನು ಎಸಿ ಕಚೇರಿ, ಊರಿನ ಠಾಣೆ, ಸಹಿ ಹಾಕುತ್ತಿದ್ದ ಠಾಣೆ ಮೂರಕ್ಕೂ ಕೊಟ್ಟು ಸೀಲು ಹಾಕಿಸಿಕೊಂಡ ಮೇಲೇ ಅವನನ್ನು ಬಸ್ಸು ಹತ್ತಿಸಿ. ರೌಡಿ ಶೀಟು ಮಾತ್ರ ಇದರಿಂದ ಹೋಗುವುದಿಲ್ಲ, ಅದನ್ನು ಮುಚ್ಚಿಸಲು ಪ್ರತ್ಯೇಕ ಅರ್ಜಿಯೇ ಬೇಕು.